ಮಗು ಹುಟ್ಟಿದ ಸುದ್ದಿ: ಹೇಳುವುದೆಷ್ಟು, ಉಳಿಸಿಕೊಳ್ಳುವುದೆಷ್ಟು

ಮಗು ಹುಟ್ಟಿದ ಸುದ್ದಿ ಹೊತ್ತ ವಾಟ್ಸ್‌ಆ್ಯಪ್ ಸಂದೇಶದಲ್ಲಿ ಸಾಮಾನ್ಯವಾಗಿ ಏಳೆಂಟು ವಿವರಗಳಿರುತ್ತವೆ. ಗಂಡೋ ಹೆಣ್ಣೋ, ಹುಟ್ಟಿದ ದಿನಾಂಕ, ನಿಮಿಷದವರೆಗಿನ ಸಮಯ, ತೂಕ, ಆಸ್ಪತ್ರೆಯ ಹೆಸರು, ಊರು, ತಂದೆ ತಾಯಿಯ ಹೆಸರು, ಜೊತೆಗೆ ಮುಖ ಕಾಣುವ ಒಂದು ಫೋಟೊ. ಹತ್ತು ಹನ್ನೆರಡು ದಿನ ಕಳೆದು ನಾಮಕರಣದ ಕರೆಯೋಲೆ ಹೊರಟಾಗ ಮಗುವಿನ ಹೆಸರೂ ಮನೆಯ ವಿಳಾಸವೂ ಇದಕ್ಕೆ ಸೇರುತ್ತವೆ. ಸುದ್ದಿ ಕೇಳಿದವರು ಸಂತೋಷಪಡುವುದು ಮಗು ಹುಟ್ಟಿತು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂಬುದಕ್ಕೆ, ತಮ್ಮನ್ನು ಮರೆಯದೆ ತಿಳಿಸಿದರು ಎಂಬುದಕ್ಕೆ. ಉಳಿದ ವಿವರಗಳಲ್ಲಿ ಹೆಚ್ಚಿನವು ಮಗುವಿನ ಸರ್ಕಾರಿ ದಾಖಲೆಗೆ ಸೇರಿದವು. ಸಂತೋಷಕ್ಕೆ ಬೇಕಾದ್ದನ್ನೂ ದಾಖಲೆಗೆ ಸೇರಿದ್ದನ್ನೂ ಬೇರೆ ಬೇರೆ ಇಟ್ಟರೆ ಸಡಗರಕ್ಕೆ ಏನೂ ಕೊರತೆಯಾಗುವುದಿಲ್ಲ, ಮಗುವಿನ ಗುರುತೂ ಹೊರಗೆ ಚೆಲ್ಲುವುದಿಲ್ಲ.

ದಾಖಲೆಗೆ ಸೇರುವ ವಿವರಗಳು

ಭಾರತದಲ್ಲಿ ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಸ್ಪತ್ರೆಯೇ ವರದಿ ಕಳಿಸುತ್ತದೆ, ಕರ್ನಾಟಕದಲ್ಲಿ ಆ ಮಾಹಿತಿ ಇ-ಜನ್ಮ ವ್ಯವಸ್ಥೆಯೊಳಗೆ ಸೇರುತ್ತದೆ. ಅಲ್ಲಿಂದ ಸಿಗುವ ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರು, ಲಿಂಗ, ಹುಟ್ಟಿದ ದಿನಾಂಕ, ಹುಟ್ಟಿದ ಸ್ಥಳ, ತಂದೆ ತಾಯಿಯ ಹೆಸರು, ವಿಳಾಸ ಮತ್ತು ನೋಂದಣಿ ಸಂಖ್ಯೆ ಇರುತ್ತವೆ. ಮೇಲಿನ ವಾಟ್ಸ್‌ಆ್ಯಪ್ ಸಂದೇಶವನ್ನೂ ಕರೆಯೋಲೆಯನ್ನೂ ಒಟ್ಟಿಗೆ ಇಟ್ಟು ನೋಡಿದರೆ ನೋಂದಣಿ ಸಂಖ್ಯೆಯೊಂದನ್ನು ಬಿಟ್ಟು ಮಿಕ್ಕೆಲ್ಲ ಅದರಲ್ಲಿ ಬಂದಿರುತ್ತದೆ.

ಈ ಪ್ರಮಾಣಪತ್ರದ ತೂಕ ಈಗ ಮೊದಲಿಗಿಂತ ಹೆಚ್ಚು. ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯಂತೆ, ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೆ ಸೇರಲು, ಚಾಲನಾ ಪರವಾನಗಿ ಪಡೆಯಲು, ಮತದಾರರ ಪಟ್ಟಿಗೆ ಸೇರಲು, ಮದುವೆ ನೋಂದಣಿಗೆ, ಸರ್ಕಾರಿ ಕೆಲಸಕ್ಕೆ ಹುಟ್ಟಿದ ದಿನ ಮತ್ತು ಸ್ಥಳದ ಪುರಾವೆಯಾಗಿ ನಿಲ್ಲುವುದು ಇದೇ ಕಾಗದ. ಆದ್ದರಿಂದ ಪ್ರಮಾಣಪತ್ರದ ಫೋಟೊ ತೆಗೆದು "ಮೊದಲ ದಾಖಲೆ ಬಂತು" ಎಂದು ಸ್ಟೇಟಸ್‌ಗೆ ಹಾಕುವುದು ಬೇಡ. ಐದು ವರ್ಷದೊಳಗಿನ ಮಕ್ಕಳಿಗೆ ಬರುವ ನೀಲಿ ಬಣ್ಣದ ಬಾಲ ಆಧಾರ್ ಕಾರ್ಡಿಗೂ ಇದೇ ಮಾತು ಅನ್ವಯಿಸುತ್ತದೆ.

ಹುಟ್ಟಿದ ದಿನಾಂಕ ಬಯಲಾದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಎಲ್ಲರಿಗೂ ಪರಿಚಿತವಾದ ಎರಡು ಉದಾಹರಣೆಗಳಿವೆ. ಜಾಲತಾಣದಿಂದ ಇಳಿಸಿಕೊಂಡ ಇ-ಆಧಾರ್ ಕಡತ ತೆರೆಯಲು ಬೇಕಾಗುವ ಪಾಸ್‌ವರ್ಡ್, ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ. ಇ-ಪ್ಯಾನ್ ಕಡತಕ್ಕೆ ಹುಟ್ಟಿದ ದಿನಾಂಕವೇ ಪಾಸ್‌ವರ್ಡ್. ಹಲವು ಬ್ಯಾಂಕುಗಳು, ವಿಮಾ ಕಂಪನಿಗಳು ಕಳಿಸುವ ಕಡತಗಳೂ ಇದೇ ಬಗೆಯವು. ಇಂಥ ಕಡತ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲೋ ಹಳೆಯ ಇಮೇಲಿನಲ್ಲೋ ಉಳಿದುಬಿಟ್ಟರೆ, ಹೆಸರು ಮತ್ತು ಜನ್ಮದಿನಾಂಕ ಬಲ್ಲವರಿಗೆ ಆ ಬೀಗ ಬೀಗವೇ ಅಲ್ಲ. ಅಮೆರಿಕ, ಬ್ರಿಟನ್ ಮುಂತಾದ ಕಡೆ ನೆಲೆಸಿರುವ ಕನ್ನಡಿಗರು ಇನ್ನೊಂದು ವಿವರವನ್ನೂ ಗಮನಿಸಬೇಕಾಗುತ್ತದೆ. ಅಲ್ಲಿನ ಬ್ಯಾಂಕುಗಳು ಗುರುತು ಖಚಿತಪಡಿಸಿಕೊಳ್ಳಲು ತಾಯಿಯ ತವರಿನ ಅಡ್ಡಹೆಸರು, ಹುಟ್ಟಿದ ಊರು ಇಂಥವನ್ನು ಕೇಳುವ ರೂಢಿ ಇದೆ. ಅಜ್ಜ ಅಜ್ಜಿಯರ ಹೆಸರನ್ನೆಲ್ಲ ಜೋಡಿಸಿ ಬರೆದ ಜನನ ವಾರ್ತೆಯಲ್ಲಿ ಆ ಉತ್ತರಗಳೂ ಇರುತ್ತವೆ.

ಹಾಗೆಂದು ಒಂದು ಸಂದೇಶದಿಂದಲೇ ಯಾರೂ ಮಗುವಿನ ಹೆಸರಿನಲ್ಲಿ ಖಾತೆ ತೆರೆದುಬಿಡಲಾರರು. ಒಟಿಪಿ, ಬೆರಳಚ್ಚು, ಪೋಷಕರ ಸಹಿ ಎಂಬ ತಡೆಗಳಿವೆ. ತೊಂದರೆ ಇರುವುದು ಬಿಡಿ ವಿವರಗಳು ವರ್ಷಗಟ್ಟಲೆ ಅಲ್ಲಲ್ಲಿ ಉಳಿದು, ಒಂದರ ಪಕ್ಕ ಇನ್ನೊಂದು ಕೂಡಿಕೊಳ್ಳುವುದರಲ್ಲಿ. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಹುಟ್ಟಿದ ದಿನವನ್ನು ಬದಲಿಸಲಾಗದು. ಹೊರಗಿನವರಿಗೆ ಹೇಳುವಾಗ "ಈ ವಾರ", "ಈ ತಿಂಗಳು" ಎಂದರೆ ಸಾಕಾಗುವುದು ಇದಕ್ಕಾಗಿಯೇ. ಸುದ್ದಿಯನ್ನು ನಾಲ್ಕೈದು ದಿನ ತಡವಾಗಿ ಹಾಕುವುದರಲ್ಲಿ ಇನ್ನೊಂದು ಅನುಕೂಲವಿದೆ. ಬಾಣಂತಿ ಯಾವ ಆಸ್ಪತ್ರೆಯ ಯಾವ ಕೋಣೆಯಲ್ಲಿದ್ದಾಳೆ ಎಂಬುದು ಅಷ್ಟರಲ್ಲಿ ಹಳೆಯ ಸಂಗತಿಯಾಗಿರುತ್ತದೆ.

ಹೆರಿಗೆಗೆ ಮುಂಚಿನ ಸ್ಕ್ಯಾನ್ ಚಿತ್ರ

ಬಸಿರಿನ ಸುದ್ದಿಯನ್ನು ಸ್ಕ್ಯಾನ್ ಚಿತ್ರದ ಮೂಲಕ ತಿಳಿಸುವುದು ಈಚೆಗೆ ಬಂದಿರುವ ರೂಢಿ. ಆ ಕಪ್ಪು ಬಿಳುಪು ಚಿತ್ರದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ತಾಯಿಯ ಹೆಸರು, ವಯಸ್ಸು, ಆಸ್ಪತ್ರೆಯ ನೋಂದಣಿ ಸಂಖ್ಯೆ, ಸ್ಕ್ಯಾನ್ ಕೇಂದ್ರದ ಹೆಸರು, ದಿನಾಂಕ ಇರುತ್ತವೆ. ಎಷ್ಟು ವಾರದ ಗರ್ಭ, ಹೆರಿಗೆಯ ಅಂದಾಜು ದಿನ ಯಾವುದು ಎಂಬುದೂ ಹಲವು ಬಾರಿ ಅಲ್ಲೇ ಅಚ್ಚಾಗಿರುತ್ತದೆ. ಚಿತ್ರವನ್ನು ಹಂಚಲೇಬೇಕೆಂದಿದ್ದರೆ ನಾಲ್ಕೂ ಅಂಚನ್ನು ಕತ್ತರಿಸಿ, ನಡುವಿನ ಭಾಗವನ್ನಷ್ಟೇ ಹಂಚಬೇಕು.

ವಿದೇಶದ ವಿಡಿಯೊಗಳನ್ನು ನೋಡಿ, ನೀಲಿ ಅಥವಾ ಗುಲಾಬಿ ಬಣ್ಣದ ಹೊಗೆ ಹಾರಿಸಿ ಹುಟ್ಟಲಿರುವ ಮಗು ಗಂಡೋ ಹೆಣ್ಣೋ ಎಂದು ಸಾರುವ ಸಮಾರಂಭವನ್ನು ಇಲ್ಲಿ ಮಾಡುವಂತಿಲ್ಲ. ಭ್ರೂಣದ ಲಿಂಗ ಪತ್ತೆ ಮಾಡುವುದನ್ನೂ ಅದನ್ನು ತಿಳಿಸುವುದನ್ನೂ 1994ರ ಪ್ರಸವಪೂರ್ವ ಲಿಂಗ ಪತ್ತೆ ತಡೆ ಕಾಯ್ದೆ ನಿಷೇಧಿಸಿದೆ. ವಿದೇಶದಲ್ಲಿ ಅಲ್ಲಿನ ಕಾನೂನಿನಂತೆ ಲಿಂಗ ತಿಳಿದುಕೊಂಡ ದಂಪತಿಯೂ ಹೆರಿಗೆಗೆ ಮುಂಚೆ ಅದನ್ನು ಭಾರತದಲ್ಲಿ ಸಾರದಿರುವುದೇ ಲೇಸು.

ಆಸ್ಪತ್ರೆಯ ಫೋಟೊದಲ್ಲಿ ಕಾಣುವುದು

ಹೆರಿಗೆಯಾದ ಮೊದಲ ಗಂಟೆಯಲ್ಲಿ ತೆಗೆದ ಫೋಟೊಗಳೇ ಹೆಚ್ಚು ಹಂಚಿಕೆಯಾಗುತ್ತವೆ, ಅವುಗಳಲ್ಲೇ ಹೆಚ್ಚು ಮಾಹಿತಿಯೂ ಇರುತ್ತದೆ. ಮಗುವಿನ ಕೈಗೋ ಕಾಲಿಗೋ ಕಟ್ಟಿದ ಪಟ್ಟಿಯ ಮೇಲೆ ಮಗುವಿನ ಹೆಸರಿರುವುದಿಲ್ಲ. ಬದಲಿಗೆ ಇಂಥವರ ಮಗು ಎಂದು ತಾಯಿಯ ಹೆಸರು, ಒಳರೋಗಿ ಸಂಖ್ಯೆ, ಹುಟ್ಟಿದ ದಿನಾಂಕ, ಸಮಯ ಮತ್ತು ಲಿಂಗ ಬರೆದಿರುತ್ತಾರೆ. ಮಕ್ಕಳು ಅದಲುಬದಲಾಗದಿರಲಿ ಎಂದು ಕಟ್ಟುವ ಪಟ್ಟಿ ಅದು. ಪುಟ್ಟ ಕೈಯನ್ನು ಹತ್ತಿರದಿಂದ ತೆಗೆದ ಚಿತ್ರದಲ್ಲಿ ಅಷ್ಟನ್ನೂ ಸಲೀಸಾಗಿ ಓದಬಹುದು. ತೊಟ್ಟಿಲಿಗೆ ಸಿಕ್ಕಿಸಿದ ಚೀಟಿ, ಮಂಚದ ತುದಿಯಲ್ಲಿ ತೂಗಿದ ಕೇಸ್ ಶೀಟ್, ಮೇಜಿನ ಮೇಲಿನ ತಾಯಿ ಕಾರ್ಡ್, ಲಸಿಕೆ ಪುಸ್ತಕ, ಗೋಡೆಯ ಮೇಲೆ ಕೋಣೆ ಸಂಖ್ಯೆ ಬರೆದ ಫಲಕ ಇವೂ ಹಿನ್ನೆಲೆಯಲ್ಲಿ ಸೇರಿಕೊಳ್ಳುತ್ತವೆ. ಕಳಿಸುವ ಮುಂಚೆ ಫೋಟೊವನ್ನು ಎರಡು ಬೆರಳಿನಿಂದ ಹಿಗ್ಗಿಸಿ, ಮಗುವನ್ನು ಬಿಟ್ಟು ಮಿಕ್ಕ ಜಾಗದಲ್ಲಿ ಓದಲು ಬರುವ ಅಕ್ಷರವಿದೆಯೇ ಎಂದು ನೋಡಬೇಕು. ಇದ್ದರೆ ಆ ಭಾಗ ಕತ್ತರಿಸಬೇಕು, ಇಲ್ಲವೇ ಬಿಳಿಯ ಬಟ್ಟೆ ಹೊದಿಸಿ ಇನ್ನೊಂದು ಫೋಟೊ ತೆಗೆಯಬೇಕು.

ಅಕ್ಷರವನ್ನು ಫೋನಿನ ಹೈಲೈಟರ್‌ನಿಂದ ಮುಚ್ಚುವುದು ಒಂದು ಸಾಮಾನ್ಯ ತಪ್ಪು. ಹೈಲೈಟರ್‌ನ ಬಣ್ಣ ಪಾರದರ್ಶಕ. ಬೆಳಕು ಹೆಚ್ಚಿಸಿ ನೋಡಿದರೆ ಕೆಳಗಿನ ಬರಹ ಮತ್ತೆ ಕಾಣುತ್ತದೆ. ಗಟ್ಟಿ ಬಣ್ಣದ ಚೌಕ ಇಟ್ಟು ಮುಚ್ಚಬೇಕು. ಮುಖದ ಮೇಲೆ ಹೃದಯದ ಸ್ಟಿಕ್ಕರ್ ಇಡುವವರು ಇನ್ನೊಂದನ್ನು ಗಮನಿಸಬೇಕು. ಹೊಸ ಫೋನುಗಳು ಫೋಟೊ ತೆಗೆಯುವಾಗ ಒಂದೆರಡು ಸೆಕೆಂಡಿನ ವಿಡಿಯೊವನ್ನೂ ಶಬ್ದವನ್ನೂ ಜೊತೆಗೆ ಹಿಡಿದಿಡುತ್ತವೆ. ಸ್ಟಿಕ್ಕರ್ ಇಟ್ಟ ಚಿತ್ರದ ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಕಳಿಸಿದರೆ ಚಲಿಸುವ ಭಾಗವೂ ಮೂಲ ಮುಖವೂ ಹಿಂದೆಯೇ ಉಳಿಯುತ್ತವೆ.

ಕಣ್ಣಿಗೆ ಕಾಣದ ಮಾಹಿತಿಯೂ ಉಂಟು. ಕ್ಯಾಮೆರಾದ ಸ್ಥಳ ಸೌಲಭ್ಯ ಚಾಲೂ ಇದ್ದರೆ ಫೋಟೊ ಕಡತದೊಳಗೆ ಅಕ್ಷಾಂಶ, ರೇಖಾಂಶ, ದಿನಾಂಕ, ಸಮಯ ಬರೆಯಲ್ಪಡುತ್ತವೆ. ಬಾಣಂತನದ ತಿಂಗಳುಗಳಲ್ಲಿ ತವರುಮನೆಯಲ್ಲಿ ತೆಗೆದ ಪ್ರತಿ ಫೋಟೊದೊಳಗೂ ಆ ಮನೆ ನಕ್ಷೆಯ ಮೇಲೆ ಎಲ್ಲಿದೆ ಎಂಬುದು ಇರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಫೋಟೊ ಎಂದು ಕಳಿಸಿದಾಗ ಈ ಸ್ಥಳಮಾಹಿತಿ ಅಳಿದುಹೋಗುತ್ತದೆ. ಅದೇ ಫೋಟೊವನ್ನು "ಚೆನ್ನಾಗಿ ಬರಲಿ" ಎಂದು ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿದರೆ, ಅಥವಾ ಇಮೇಲ್ ಮಾಡಿದರೆ, ಅದು ಹಾಗೆಯೇ ಹೋಗುತ್ತದೆ. ಕರೆಯೋಲೆ ಮಾಡುವ ಡಿಸೈನರ್‌ಗೆ, ಫೋಟೊ ಮುದ್ರಿಸುವ ಸ್ಟುಡಿಯೊಗೆ ಚಿತ್ರ ಹೋಗುವುದು ಹೆಚ್ಚಾಗಿ ಹೀಗೆಯೇ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಸ್ಥಳ ಉಳಿಸುವ ಆಯ್ಕೆಯನ್ನು ಹೆರಿಗೆಯ ಮುಂಚೆಯೇ ಆರಿಸಿಟ್ಟರೆ ಈ ಗೊಡವೆಯೇ ಇಲ್ಲ. ಐಫೋನ್‌ನಲ್ಲಿ ಹಂಚುವ ಹೊತ್ತಿಗೆ ಮೇಲ್ಗಡೆ ಕಾಣುವ `Options` ಒತ್ತಿ `Location` ಆರಿಸಿದರೂ ಆದೀತು.

ಯಾವ ಫೋಟೊ, ಯಾವುದು ಬೇಡ

ಮುಖ ತೋರಿಸದೆ ಮಗುವನ್ನು ತೋರಿಸುವ ದಾರಿಗಳು ಬೇಕಾದಷ್ಟಿವೆ. ಅಪ್ಪನ ಬೆರಳು ಹಿಡಿದ ಮುಷ್ಟಿ, ಬೆಳ್ಳಿ ಕಾಲ್ಗಡಗ ತೊಟ್ಟ ಪಾದ, ಅಜ್ಜಿಯ ಹೆಗಲಿಗೊರಗಿದ ತಲೆಯ ಹಿಂಬದಿ, ಕುಲಾವಿ ಕಟ್ಟಿದ ಮಗುವಿನ ಕಡೆ ಬಗ್ಗಿ ನೋಡುತ್ತಿರುವ ಅಕ್ಕನ ಮುಖ. ಈ ಕೊನೆಯ ಚಿತ್ರದಲ್ಲಿ ದೊಡ್ಡ ಮಗುವಿನ ಮುಖ ಬರುವುದರಿಂದ ಅದರ ಖಾಸಗಿತನಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ತಿಂಗಳೊಪ್ಪತ್ತಿನ ಕೂಸಿನ ಮುಖ ಆರು ತಿಂಗಳಲ್ಲಿ ಗುರುತು ಸಿಗದಷ್ಟು ಬದಲಾಗುತ್ತದೆ ಎಂಬ ವಾದ ಉಂಟು. ಅದು ಒಂದು ಫೋಟೊದ ಮಟ್ಟಿಗೆ ನಿಜ. ಆದರೆ ತಿಂಗಳಿಗೊಂದರಂತೆ ಹಾಕುತ್ತ ಹೋದ ಸಾಲಿಗೆ ಅದು ಹೊಂದುವುದಿಲ್ಲ. ಒಂದೊಂದು ಚಿತ್ರವೂ ಮುಂದಿನದಕ್ಕೆ ಕೊಂಡಿಯಾಗಿ, ಕೊನೆಗೆ ಶಾಲೆಯ ಸಮವಸ್ತ್ರದ ಚಿತ್ರದವರೆಗೆ ತಂದು ನಿಲ್ಲಿಸುತ್ತದೆ.

ಎಲ್ಲಿಗೂ ಕಳಿಸದೆ ಉಳಿಸಬೇಕಾದದ್ದು ಎಣ್ಣೆ ನೀರಿನ ಚಿತ್ರಗಳು. ಕಾಲು ಚಾಚಿ ಕೂತು ಕೂಸನ್ನು ಮೊಣಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕಿ ನೀರು ಹಾಕುವ ದೃಶ್ಯ ಮನೆಯವರಿಗೆ ಬಲು ಮುದ್ದು, ಅಲ್ಲಿ ಯಾರಿಗೂ ಕೆಟ್ಟ ಯೋಚನೆ ಬರುವುದಿಲ್ಲ. ಆದರೆ ಬಟ್ಟೆಯಿಲ್ಲದ ಮಕ್ಕಳ ಚಿತ್ರಗಳನ್ನು ಅಂತರ್ಜಾಲದಿಂದ ಹೆಕ್ಕಿ ಬೇರೆ ಕಡೆ ಹಂಚುವವರಿದ್ದಾರೆ, ಯಾವ ಉದ್ದೇಶದಿಂದ ತೆಗೆದ ಚಿತ್ರ ಎಂಬುದು ಅವರಿಗೆ ಲೆಕ್ಕಕ್ಕಿಲ್ಲ. ಹಾಲೂಡಿಸುವ, ಡೈಪರ್ ಬದಲಿಸುವ, ಎನ್‌ಐಸಿಯುವಿನಲ್ಲಿ ನಳಿಕೆ ಹಾಕಿದ ಚಿತ್ರಗಳೂ ಇದೇ ಸಾಲಿಗೆ ಸೇರುತ್ತವೆ. ಮಗುವಿನ ತೂಕ, ಕಾಮಾಲೆ, ಹುಟ್ಟಿನ ವೇಳೆಯ ತೊಡಕು ಇವು ವೈದ್ಯಕೀಯ ಮಾಹಿತಿ. "ಇಬ್ಬರೂ ಆರಾಮ" ಎಂದರೆ ಕೇಳಿದವರಿಗೆ ಸಮಾಧಾನವಾಗುತ್ತದೆ.

ಫೋಟೊ ತೆಗೆಯುವುದು ಮನೆಯವರಷ್ಟೇ ಅಲ್ಲ. ಕೆಲವು ಆಸ್ಪತ್ರೆಗಳು ಬಿಡುಗಡೆಯ ದಿನ ಕೇಕ್ ಕತ್ತರಿಸಿ ತೆಗೆದ ಚಿತ್ರವನ್ನು ತಮ್ಮ ಪ್ರಚಾರದ ಪುಟಕ್ಕೆ ಹಾಕುತ್ತವೆ. ನವಜಾತ ಶಿಶುಗಳ ಚಿತ್ರ ತೆಗೆಯುವ ಛಾಯಾಗ್ರಾಹಕರು ಒಳ್ಳೆಯ ಚಿತ್ರಗಳನ್ನು ತಮ್ಮ ಮಾದರಿ ಸಂಗ್ರಹದಲ್ಲಿ ಬಳಸಬಹುದೆಂಬ ಸಾಲನ್ನು ಒಪ್ಪಂದದಲ್ಲಿ ಸೇರಿಸಿರುತ್ತಾರೆ. ಸಹಿ ಹಾಕುವ ಮುಂಚೆ ಆ ಸಾಲನ್ನು ಹೊಡೆದುಹಾಕಿಸಬೇಕು, ಆಸ್ಪತ್ರೆಗೆ ಬೇಡವೆಂದು ಬರೆದುಕೊಡಬೇಕು. ಬಾಯಿಮಾತು ಪಾಳಿ ಬದಲಾದ ಕೂಡಲೇ ಮರೆತುಹೋಗುತ್ತದೆ.

ಯಾರಿಗೆ, ಯಾವ ದಾರಿಯಲ್ಲಿ

ಸುದ್ದಿ ತಿಳಿಯಬೇಕಾದವರನ್ನು ಮೂರು ಸುತ್ತಾಗಿ ವಿಂಗಡಿಸಬಹುದು. ಮೊದಲ ಸುತ್ತಿನಲ್ಲಿ ಎರಡೂ ಕಡೆಯ ಅಜ್ಜ ಅಜ್ಜಿ, ಒಡಹುಟ್ಟಿದವರು, ಆಪ್ತರಾದ ಒಬ್ಬಿಬ್ಬರು ಗೆಳೆಯರು. ಇವರಿಗೆ ಫೋನ್ ಕರೆ. ತಾರೀಖು, ಗಳಿಗೆ, ತೂಕ, ಮುಖ ಎಲ್ಲವೂ ಇವರಿಗೆ ಗೊತ್ತಿದ್ದರೆ ಚೆನ್ನ. ಎರಡನೆಯ ಸುತ್ತಿನಲ್ಲಿ ದೊಡ್ಡಪ್ಪ ಚಿಕ್ಕಪ್ಪಂದಿರ ಮನೆಗಳು, ಸೋದರಮಾವಂದಿರು, ನೆರೆಹೊರೆ, ಹತ್ತಿರದ ಸಹೋದ್ಯೋಗಿಗಳು. ಇವರಿಗೆ ಸಂದೇಶವೂ ಒಂದೆರಡು ಫೋಟೊವೂ ಸಾಕು. ಮೂರನೆಯದು ಫೋನಿನಲ್ಲಿ ನಂಬರ್ ಇರುವ ಮಿಕ್ಕೆಲ್ಲರು.

ಮೂರೂ ಸುತ್ತನ್ನು ಕಲಸಿಬಿಡುವುದು ವಾಟ್ಸ್‌ಆ್ಯಪ್ ಸ್ಟೇಟಸ್. ಅದು 24 ಗಂಟೆಯಲ್ಲಿ ಮರೆಯಾಗುತ್ತದೆ ಎಂಬ ಧೈರ್ಯದಲ್ಲಿ ಎಲ್ಲವನ್ನೂ ಹಾಕುವವರು, ಗ್ಯಾಸ್ ಏಜೆನ್ಸಿಯವರಿಂದ ಹಿಡಿದು ಹಳೆಯ ಬಾಡಿಗೆದಾರರವರೆಗೆ ನಂಬರ್ ಉಳಿಸಿಕೊಂಡವರಿಗೆಲ್ಲ ಅದು ಕಾಣುವುದನ್ನು ಮರೆತಿರುತ್ತಾರೆ. ಸ್ಟೇಟಸ್ ಗೌಪ್ಯತೆಯಲ್ಲಿ `Only share with...` ಆರಿಸಿ ಹೆಸರುಗಳನ್ನು ಗುರುತು ಮಾಡಿದರೆ ಅವರಿಗಷ್ಟೇ ಹೋಗುತ್ತದೆ. ಮಗುವಿನ ಮುಖವನ್ನು ಡಿಪಿ ಮಾಡಿಕೊಳ್ಳುವವರು ಪ್ರೊಫೈಲ್ ಫೋಟೊ ಯಾರಿಗೆ ಕಾಣುತ್ತದೆ ಎಂಬ ಆಯ್ಕೆಯನ್ನು ನೋಡಬೇಕು. ಅದು `Everyone` ಎಂದಿದ್ದರೆ ನಂಬರ್ ಸಿಕ್ಕ ಅಪರಿಚಿತರಿಗೂ ಕಾಣುತ್ತದೆ.

ಕುಟುಂಬದ ದೊಡ್ಡ ಗುಂಪಿಗಿಂತ, ಆಯ್ದ ಹತ್ತು ಹದಿನೈದು ಜನರ ಪುಟ್ಟ ಗುಂಪು ಮೇಲು. ಅದರಲ್ಲಿ 24 ಗಂಟೆ, 7 ದಿನ ಅಥವಾ 90 ದಿನಕ್ಕೆ ಸಂದೇಶ ಮರೆಯಾಗುವಂತೆ ಇಡಬಹುದು. 2025ರಲ್ಲಿ ಬಂದ `Advanced chat privacy` ಆಯ್ಕೆಯು ಚಿತ್ರಗಳು ಎಲ್ಲರ ಗ್ಯಾಲರಿಗೆ ತಾವಾಗಿ ಇಳಿಯುವುದನ್ನು ತಡೆಯುತ್ತದೆ. ಆದರೂ ಸ್ಕ್ರೀನ್‌ಶಾಟ್ ತೆಗೆಯುವುದನ್ನು ಇವು ಯಾವುವೂ ನಿಲ್ಲಿಸಲಾರವು. ಇನ್ನೊಬ್ಬರ ಫೋನಿಗೆ ಹೋದ ಚಿತ್ರದ ಮೇಲೆ ತಂತ್ರಜ್ಞಾನದ ಹಿಡಿತ ಅಷ್ಟಕ್ಕಷ್ಟೇ. ಫೋಟೊಗಳು ಬಹಳವಿದ್ದರೆ ಗೂಗಲ್ ಫೋಟೋಸ್‌ನಂಥ ಕಡೆ ಆಲ್ಬಮ್ ಮಾಡಿ ಖಾತೆಯ ಹೆಸರಿನಿಂದ ಜನರನ್ನು ಸೇರಿಸಬಹುದು. ಲಿಂಕ್ ಮೂಲಕ ಹಂಚುವ ಆಯ್ಕೆಯನ್ನು ಆರಿಸಿಡಬೇಕು. ಇಲ್ಲದಿದ್ದರೆ ಲಿಂಕ್ ಯಾರ ಕೈಗೆ ಸಿಕ್ಕಿದರೂ ಆಲ್ಬಮ್ ತೆರೆಯುತ್ತದೆ.

ನೆಂಟರಿಗೆ ಹೇಳುವ ಮಾತು

ಚಿತ್ರ ಹೊರಗೆ ಹೋಗುವುದು ಹೆಚ್ಚಾಗಿ ಪ್ರೀತಿಯಿಂದಲೇ. ಮೊಮ್ಮಗು ಬಂದ ಹೆಮ್ಮೆಯಲ್ಲಿ ಅಜ್ಜಿ ತಮ್ಮ ಭಜನಾ ಮಂಡಳಿಯ ಗುಂಪಿಗೆ, ಚಿಕ್ಕಪ್ಪ ತಮ್ಮ ಬ್ಯಾಚಿನ ಗುಂಪಿಗೆ ಕಳಿಸಿರುತ್ತಾರೆ. ಆಮೇಲೆ ಆಕ್ಷೇಪಿಸಿದರೆ ಮನಸ್ಸು ನೋಯುತ್ತದೆ. ಆದ್ದರಿಂದ ಮಾತು ಫೋಟೊದ ಜೊತೆಗೇ ಹೋಗಬೇಕು, ಅದನ್ನು ಅವರವರ ಕಡೆಯ ಮಕ್ಕಳೇ ಹೇಳಬೇಕು. ಸೊಸೆ ಅತ್ತೆಗೆ ಹೇಳುವುದಕ್ಕಿಂತ ಮಗ ತಾಯಿಗೆ ಹೇಳಿದರೆ ಹಗುರ. "ಅಮ್ಮ, ಈ ಫೋಟೊ ನಿಂಗೆ, ಅಪ್ಪಂಗೆ ಮಾತ್ರ. ಗ್ರೂಪಿಗೆ ಹಾಕೋದಕ್ಕೆ ಪಾದದ ಫೋಟೊ ಬೇರೆ ಕಳಿಸಿದೀನಿ, ಅದನ್ನ ಯಾರಿಗೆ ಬೇಕಾದ್ರೂ ಕಳಿಸು." ಬೇಡ ಎನ್ನುವಾಗಲೇ ಹಂಚಬಹುದಾದ ಇನ್ನೊಂದನ್ನು ಕೈಗಿಡುವುದು ಇಲ್ಲಿಯ ಉಪಾಯ. ದೊಡ್ಡಮ್ಮ, ಸೋದರತ್ತೆಯರಿಗಾದರೆ, "ದೊಡ್ಡಮ್ಮ, ಮಗು ಮುಖ ಸದ್ಯಕ್ಕೆ ಎಲ್ಲೂ ಹಾಕೋದು ಬೇಡ ಅಂತ ಮನೇಲಿ ಮಾತಾಡ್ಕೊಂಡಿದೀವಿ, ನೀವು ಬಂದು ಎತ್ಕೊಂಡು ನೋಡಿ" ಎಂದರೆ ಸಾಕು. ಎಳೆಗೂಸನ್ನು ಎಲ್ಲರ ಕಣ್ಣಿಗೂ ಬೀಳಿಸಬಾರದು, ದೃಷ್ಟಿ ಬೊಟ್ಟಿಡಬೇಕು ಎಂಬ ರೂಢಿ ಇರುವ ಮನೆಗಳಲ್ಲಿ ಹಿರಿಯರಿಗೆ ಇದು ಹೊಸ ಮಾತಾಗಿ ಕೇಳಿಸುವುದಿಲ್ಲ.

ನಾಮಕರಣ ಮತ್ತು ಜಾತಕ

ಜಾತಕ ಬರೆಸಲು ಹುಟ್ಟಿದ ದಿನ, ನಿಮಿಷದವರೆಗಿನ ಸಮಯ, ಊರು ಬೇಕು. ಅದನ್ನು ಕುಟುಂಬದ ಗುಂಪಿನಲ್ಲಿ ಬರೆದು "ಯಾರಾದರೂ ನಕ್ಷತ್ರ ನೋಡಿ ಹೇಳಿ" ಎನ್ನುವ ಬದಲು ಜೋಯಿಸರಿಗೆ ಫೋನಿನಲ್ಲೇ ಹೇಳಬಹುದು. ಹೆಸರಿಲ್ಲದ ಜಾಲತಾಣಗಳಲ್ಲಿ ಉಚಿತ ಜಾತಕಕ್ಕಾಗಿ ಮಗುವಿನ ವಿವರದ ಜೊತೆ ತಂದೆಯ ಫೋನ್ ನಂಬರನ್ನೂ ತುಂಬಿಸುವುದು ಇನ್ನೂ ಕೆಟ್ಟದ್ದು.

ನಾಮಕರಣದ ದಿನ ತಟ್ಟೆಯ ಅಕ್ಕಿಯ ಮೇಲೆ ಚಿನ್ನದ ಉಂಗುರದಿಂದ ಹೆಸರು ಬರೆಯುವ ಮನೆಗಳಲ್ಲಿ ಆ ತಟ್ಟೆಯ ಚಿತ್ರ ಎಲ್ಲ ಕಡೆ ಹೋಗುತ್ತದೆ. ಕರೆಯುವ ಹೆಸರಿನ ಜೊತೆ ನಕ್ಷತ್ರನಾಮವನ್ನೂ ಮಾಸನಾಮವನ್ನೂ ಬರೆಯುವ ಪದ್ಧತಿಯಿದ್ದರೆ ಹುಟ್ಟಿದ ತಿಂಗಳು, ನಕ್ಷತ್ರ ಎರಡೂ ಅದರಲ್ಲೇ ಸಿಗುತ್ತವೆ. ಪಂಚಾಂಗ ಬಲ್ಲವರು ಅದರಿಂದ ದಿನವನ್ನು ಕಂಡುಕೊಳ್ಳಬಲ್ಲರು. ಹೊರಗೆ ಕಳಿಸಲು ತೊಟ್ಟಿಲ ಅಲಂಕಾರದ ಚಿತ್ರ ಸಾಕು. ಕರೆಯೋಲೆಯಲ್ಲಿ ಮನೆಯ ವಿಳಾಸ, ನಕ್ಷೆಯ ಕ್ಯೂಆರ್, ಮಗುವಿನ ಫೋಟೊ ಒಟ್ಟಿಗೆ ಇರದಂತೆ ನೋಡಿಕೊಳ್ಳಬೇಕು. ಚಿತ್ರರೂಪದ ಕರೆಯೋಲೆಯಲ್ಲಿ ದಿನ, ಹೊತ್ತು, ಊರು ಇದ್ದು, ವಿಳಾಸವು ಬರುವವರಿಗೆ ಪ್ರತ್ಯೇಕ ಸಂದೇಶವಾಗಿ ಹೋದರೆ, ಕರೆಯೋಲೆ ಎಷ್ಟು ಕೈ ದಾಟಿದರೂ ಮನೆಯ ಗುರುತು ದಾಟುವುದಿಲ್ಲ.

ಒಂದು ಸಂದೇಶ, ಎರಡು ರೂಪ

ಮೈಸೂರಿನ ಒಂದು ಕಾಲ್ಪನಿಕ ಕುಟುಂಬವನ್ನು ತೆಗೆದುಕೊಳ್ಳಬಹುದು. ತಂದೆ ಮೊದಲು ಬರೆದದ್ದು ಹೀಗೆ: "ನಮಗೆ ಇಂದು ಬೆಳಗ್ಗೆ 6.42ಕ್ಕೆ ಹೆಣ್ಣು ಮಗು ಜನಿಸಿದೆ. ತೂಕ 2.9 ಕೆ.ಜಿ. ಇಂಥ ಬಡಾವಣೆಯ ಇಂಥ ಆಸ್ಪತ್ರೆ, ಕೋಣೆ 204." ಜೊತೆಗೆ ಕೈಪಟ್ಟಿ ಕಾಣುವ ಫೋಟೊ. "ಇಂದು" ಎಂದು ಕಳಿಸಿದ್ದರಿಂದ ದಿನಾಂಕವನ್ನು ಬೇರೆ ಬರೆಯಬೇಕಿಲ್ಲ. ಕೋಣೆಯ ಸಂಖ್ಯೆ ನೋಡಿ ಯಾರು ಬೇಕಾದರೂ ನೋಡಲು ಬರಬಹುದು. ತಾಯಿಯ ಹೆಸರು, ಒಳರೋಗಿ ಸಂಖ್ಯೆ ಫೋಟೊದಲ್ಲಿವೆ.

ಇದೇ ಸುದ್ದಿ ಮೂರು ಭಾಗವಾಗಿ ಹೋಗಬಹುದು. ಅಂದೇ, ಮೊದಲ ಸುತ್ತಿನವರಿಗೆ ಫೋನಿನಲ್ಲಿ ಎಲ್ಲ ವಿವರ. ಮರುದಿನ ಎರಡನೆಯ ಸುತ್ತಿಗೆ: "ಮನೆಗೆ ಮಗಳು ಬಂದಿದ್ದಾಳೆ. ತಾಯಿ ಮಗು ಆರಾಮಾಗಿದ್ದಾರೆ. ಸ್ವಲ್ಪ ದಿನ ವಿಶ್ರಾಂತಿ ಬೇಕಂತೆ, ನೋಡಲು ಯಾವಾಗ ಬರಬಹುದೆಂದು ನಾವೇ ತಿಳಿಸುತ್ತೇವೆ. ಫೋಟೊ ನಿಮಗಾಗಿ, ದಯವಿಟ್ಟು ಮುಂದಕ್ಕೆ ಕಳಿಸಬೇಡಿ." ಅದರ ಜೊತೆ ಪಟ್ಟಿಯಿಲ್ಲದ ಕೈಯ ಚಿತ್ರ. ವಾರ ಕಳೆದು ಮನೆ ಸೇರಿದ ಮೇಲೆ ಎಲ್ಲರಿಗೂ: "ನಮ್ಮ ಮನೆಗೆ ಪುಟ್ಟ ಅತಿಥಿ ಬಂದಾಗಿದೆ. ನಿಮ್ಮೆಲ್ಲರ ಹರಕೆ ಇರಲಿ." ಅದಕ್ಕೆ ತೊಟ್ಟಿಲಿನ ಚಿತ್ರ. ಇಷ್ಟರಲ್ಲಿ ಯಾರಿಗೂ ಸುದ್ದಿ ತಪ್ಪಿಲ್ಲ. ದಿನಾಂಕ, ಆಸ್ಪತ್ರೆ, ಮುಖ ಮೊದಲ ಸುತ್ತನ್ನು ದಾಟಿಲ್ಲ.

ಎಲ್ಲವನ್ನೂ ಮುಚ್ಚಿಡಲು ಆಗದವರೂ ಒಂದನ್ನು ಆರಿಸಿ ಕಾಯಬಹುದು ಎಂಬುದಕ್ಕೆ ವಿರಾಟ್ ಕೊಹ್ಲಿ ಮತ್ತು ಅನುಷ್ಕಾ ಶರ್ಮಾ ದಂಪತಿ ನಿದರ್ಶನ. 2021ರ ಜನವರಿಯಲ್ಲಿ ಮಗಳು ಹುಟ್ಟಿದ ದಿನವೇ ಅವರು ಸುದ್ದಿ ತಿಳಿಸಿದರು, ಜೊತೆಗೆ ಮಗುವಿನ ಚಿತ್ರ ತೆಗೆಯಬೇಡಿ, ಪ್ರಕಟಿಸಬೇಡಿ ಎಂದು ಪತ್ರಿಕಾ ಛಾಯಾಗ್ರಾಹಕರನ್ನು ಕೇಳಿಕೊಂಡರು. ಬೇಕಾದಷ್ಟು ತಮ್ಮ ಚಿತ್ರ ತೆಗೆದುಕೊಳ್ಳಿ ಎಂದೂ ಹೇಳಿದರು. 2024ರ ಫೆಬ್ರವರಿ 15ರಂದು ಹುಟ್ಟಿದ ಮಗನ ಸುದ್ದಿ ಹೊರಬಂದದ್ದು ಐದು ದಿನ ಕಳೆದು. ನಡುವೆ 2022ರ ಜನವರಿಯಲ್ಲಿ ಕೇಪ್ ಟೌನ್ ಪಂದ್ಯದ ನೇರ ಪ್ರಸಾರದಲ್ಲಿ ಮಗಳ ಮುಖ ಕಾಣಿಸಿಕೊಂಡಿತು. ಕ್ಯಾಮೆರಾ ತಮ್ಮ ಕಡೆ ಇದ್ದದ್ದು ಗೊತ್ತಿರಲಿಲ್ಲ ಎಂದು ತಿಳಿಸಿ ದಂಪತಿ ಹಳೆಯ ವಿನಂತಿಯನ್ನೇ ಮತ್ತೆ ಮುಂದಿಟ್ಟರು. ಒಮ್ಮೆ ಸೋರಿದ ಮಾತ್ರಕ್ಕೆ ನಿಯಮವನ್ನು ಕೈಬಿಡಬೇಕಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಸೋರಿದ ಮೇಲೆ

ಚಿತ್ರ ಹೊರಗೆ ಹೋಗಿರುವುದು ಗೊತ್ತಾಗುವುದು ಸಾಮಾನ್ಯವಾಗಿ ತಿಳಿಸದೇ ಇದ್ದವರು ಶುಭಾಶಯ ಹೇಳಿದಾಗ. ಎಲ್ಲಿ ನೋಡಿದಿರಿ ಎಂದು ಕೇಳಿ, ಕಳಿಸಿದವರನ್ನು ಹುಡುಕಿ, ಅಳಿಸಲು ಬೇಗ ಕೇಳಿಕೊಳ್ಳಬೇಕು. ವಾಟ್ಸ್‌ಆ್ಯಪ್‌ನಲ್ಲಿ ಎಲ್ಲರ ಕಡೆಯಿಂದ ಅಳಿಸಲು ಸುಮಾರು ಎರಡು ದಿನದ ಅವಕಾಶವಿದೆ, ಅದಾದ ಮೇಲೆ ತಮ್ಮ ಫೋನಿನಿಂದ ಮಾತ್ರ ಅಳಿಸಬಹುದು. ಅಪರಿಚಿತರು ಮಗುವಿನ ಚಿತ್ರ ಬಳಸಿ ಖಾತೆ ನಡೆಸುತ್ತಿದ್ದರೆ ಆ ಜಾಲತಾಣದಲ್ಲಿ ದೂರು ನೀಡಬೇಕು. ಚಿತ್ರವನ್ನು ತಿರುಚಿ ಅಶ್ಲೀಲವಾಗಿ ಬಳಸಿದ್ದರೆ ಖಾತೆಯ ವಿಳಾಸ, ದಿನಾಂಕ ಬರೆದಿಟ್ಟುಕೊಂಡು `cybercrime.gov.in` ತಾಣದಲ್ಲಿ ಅಥವಾ ಹತ್ತಿರದ ಪೊಲೀಸ್ ಠಾಣೆಯಲ್ಲಿ ದೂರು ಕೊಡಬೇಕು. ಪುರಾವೆಗೆಂದು ಆ ಚಿತ್ರವನ್ನೇ ನೆಂಟರಿಗೆ ಕಳಿಸುತ್ತ ಹೋಗಬಾರದು. ಮಕ್ಕಳ ಸಹಾಯವಾಣಿ 1098.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಮಾಹಿತಿ ಬಳಸುವ ಸಂಸ್ಥೆಗಳಿಗೆ ಪೋಷಕರ ಒಪ್ಪಿಗೆಯನ್ನು ಕಡ್ಡಾಯ ಮಾಡುತ್ತದೆ. ವ್ಯಕ್ತಿಯೊಬ್ಬರು ಸ್ವಂತಕ್ಕೆ ಅಥವಾ ಮನೆಬಳಕೆಗೆ ಬಳಸುವ ಮಾಹಿತಿಗೆ ಅದು ಅನ್ವಯಿಸುವುದಿಲ್ಲ. ಹೀಗಾಗಿ ತಂದೆ ತಾಯಿಯೋ ನೆಂಟರೋ ಮನೆಮಟ್ಟದಲ್ಲಿ ಹಂಚುವ ಚಿತ್ರದ ವಿಷಯದಲ್ಲಿ ಆ ಕಾಯ್ದೆಯ ನೆರವು ಸಿಗದು. ಫ್ರಾನ್ಸ್ 2024ರ ಫೆಬ್ರವರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮಗುವಿನ ಚಿತ್ರದ ಮೇಲಿನ ಹಕ್ಕನ್ನು ಕಾಯುವುದು ತಂದೆ ತಾಯಿ ಇಬ್ಬರ ಜಂಟಿ ಹೊಣೆ ಎಂದು ಕಾನೂನಿನಲ್ಲೇ ಬರೆಯಿತು.

ಜನನ ವಾರ್ತೆಯಲ್ಲಿ ಕಾಪಾಡಿಕೊಂಡ ದಿನಾಂಕ ವರ್ಷದೊಳಗೆ ಬಯಲಾಗುವ ಒಂದು ದಾರಿ ಉಳಿಯುತ್ತದೆ. ಮೊದಲ ಹುಟ್ಟುಹಬ್ಬದ ಕೇಕಿನ ಚಿತ್ರವನ್ನು ಅದೇ ದಿನ ಹಾಕಿದರೆ ಹುಟ್ಟಿದ ದಿನ, ತಿಂಗಳು, ವರ್ಷ ಮೂರೂ ತಿಳಿದುಹೋಗುತ್ತವೆ. ಕೇಕಿನ ಮೇಲೆ ಹೆಸರು ಬರೆದಿದ್ದರೆ ಅದೂ ಸೇರುತ್ತದೆ. ಹುಟ್ಟುಹಬ್ಬದ ಚಿತ್ರವನ್ನು ಒಂದೆರಡು ವಾರ ತಡೆದು, ಹೆಸರು ಕಾಣದಂತೆ ಹಾಕಿದರೆ ಮೊದಲ ಸಂದೇಶದಲ್ಲಿ ವಹಿಸಿದ ಎಚ್ಚರ ವ್ಯರ್ಥವಾಗುವುದಿಲ್ಲ. ಮಗು ನಾಲ್ಕೈದು ವರ್ಷಕ್ಕೆ ಬಂದು ತನ್ನ ಫೋಟೊವನ್ನು ತಾನೇ ಗುರುತಿಸುವ ಹೊತ್ತಿಗೆ, ಇದನ್ನು ಕಳಿಸಲೇ ಎಂದು ಅದನ್ನೇ ಕೇಳಬಹುದು. ಬೇಡ ಎಂದರೆ ಕಳಿಸಬಾರದು.